2.20 ಎಕರೆ ಅಂದ್ರೆ ಎರಡೂವರೆ ಎಕರೆ!

ಶಿಕಾರಿಪುರದ ಕಡೆ ಮೆಕ್ಕೆಜೋಳದ ಲೆಕ್ಕ ಬರೆಯುವಾಗ ಕೂಡೋದು ಕಳೆಯೋದು ತಪ್ಪೋದು ಕಡಿಮೆ. ತಪ್ಪೋದು ಭಾಗಿಸುವಾಗ. ಪಹಣಿಯಲ್ಲಿ 2 ಎಕರೆ 20 ಗುಂಟೆಯನ್ನ 2.20 ಅಂತ ಬರೀತಾರೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ಎಕ್ಸೆಲ್‌ಗೆ ಇದು ಗೊತ್ತಿಲ್ಲ ನೋಡಿ, ಅದಕ್ಕೆ 2.20 ಅಂದ್ರೆ 2.20 ಅಷ್ಟೇ.

ಒಂದು ಉದಾಹರಣೆ ತಗೊಳ್ಳೋಣ (ಅಂಕಿಗಳು ನಾನು ಹಾಕಿಕೊಂಡದ್ದು). ಒಟ್ಟು ಇಳುವರಿ 55 ಕ್ವಿಂಟಾಲ್, ದರ 2,000 ರೂಪಾಯಿ, ಆದಾಯ 1,10,000. ಖರ್ಚು: ಉಳುಮೆ ಬಿತ್ತನೆ 10,000, ಬೀಜ 7,500, ಗೊಬ್ಬರ 15,000, ಕಳೆ ಮತ್ತು ಎಡೆಕುಂಟೆ 8,000, ತೆನೆ ಮುರಿಯೋ ಕೂಲಿ 12,500, ಒಕ್ಕಣೆ ಮಷಿನ್ 5,500, ಸಾಗಣೆ 2,500. ಒಟ್ಟು 61,000. ಲಾಭ 49,000. ಇಲ್ಲಿವರೆಗೆ ಎಲ್ಲಾ ಸರಿ. ಕೊನೆಯ ಸಾಲಲ್ಲಿ ಮಾತ್ರ 'ಎಕರೆಗೆ ಇಳುವರಿ 25 ಕ್ವಿಂಟಾಲ್, ಲಾಭ 22,273' ಅಂತಿದೆ.

ಪರೀಕ್ಷೆ ಸುಲಭ: ಎಕರೆ ಲೆಕ್ಕವನ್ನ ಜಮೀನಿಂದ ವಾಪಸ್ ಗುಣಿಸಿ. 25 × 2.5 = 62.5 ಕ್ವಿಂಟಾಲ್, ಆದರೆ ಮೇಲೆ 55 ಇದೆ. ಈಗ ಇಳುವರಿ ತಪ್ಪೋ, ಜಮೀನು ತಪ್ಪೋ? ಇದಕ್ಕೆ ಖರ್ಚಿನ ಸಾಲುಗಳೇ ಸಾಕ್ಷಿ. ಮಷಿನ್‌ನವರು ಕ್ವಿಂಟಾಲಿಗೆ 100 ರೂಪಾಯಿ ತಗೊಂಡಿದ್ರೆ, 5,500 ಅಂದ್ರೆ 55 ಕ್ವಿಂಟಾಲ್. ಇಳುವರಿ ಸರಿ. ಬೀಜ 1,500 ರೂಪಾಯಿಯ 4 ಕೆಜಿ ಪ್ಯಾಕೆಟ್ ಐದು, ಅಂದ್ರೆ 20 ಕೆಜಿ. ಎಕರೆಗೆ 8 ಕೆಜಿ ಹಾಕಿದ್ರೆ ಎರಡೂವರೆ ಎಕರೆ. ಹಾಗಾದ್ರೆ 55ನ್ನ 2.20ರಿಂದ ಭಾಗಿಸಿಬಿಟ್ಟಿದ್ದಾರೆ. ಸರಿಯಾದದ್ದು 22 ಕ್ವಿಂಟಾಲ್, ಲಾಭ 19,600. ಶೀಟಲ್ಲಿ ಜಮೀನನ್ನ ಹೀಗೆ ಹಾಕಬೇಕು:

```
=2+20/40
```

2,673 ರೂಪಾಯಿ ವ್ಯತ್ಯಾಸ ಏನು ಮಹಾ ಅನ್ನಬೇಡಿ. ಪಕ್ಕದ ಹೊಲ ಎಕರೆಗೆ 20,000ಕ್ಕೆ ಗುತ್ತಿಗೆಗೆ ಸಿಗ್ತಿದೆ ಅಂದ್ಕೊಳ್ಳಿ. ಮೊದಲ ಲೆಕ್ಕ ನೋಡಿದ್ರೆ ಹಿಡಿಯಬಹುದು ಅನ್ಸುತ್ತೆ. ಸರಿ ಮಾಡಿದ ಲೆಕ್ಕದಲ್ಲಿ ಎಕರೆಗೆ 400 ರೂಪಾಯಿ ಕೈಯಿಂದ ಹೋಗುತ್ತೆ.

ಸೊರಬದ ಕಡೆ ಶುಂಠಿ ಲೆಕ್ಕದಲ್ಲಿ ಇದೇ ಕಥೆ ಚೀಲದ ರೂಪದಲ್ಲಿ ಬರುತ್ತೆ. ಶುಂಠಿ ದರ 60 ಕೆಜಿ ಚೀಲಕ್ಕೆ ಹೇಳ್ತಾರೆ. ನೂರು ಚೀಲ ಅಂದ್ರೆ 60 ಕ್ವಿಂಟಾಲ್. ಚೀಲದ ಸಂಖ್ಯೆಗೆ ಕ್ವಿಂಟಾಲ್ ದರ ಗುಣಿಸಿದ್ರೆ ಆದಾಯ ಒಂದೂ ಮುಕ್ಕಾಲು ಪಟ್ಟಿಗೆ ಹತ್ತಿರ ಹೋಗಿ ಕೂರುತ್ತೆ.

ಈ ಪರೀಕ್ಷೆಗೆ ಸಿಗದ್ದೂ ಒಂದಿದೆ: ಬರೆಯದೇ ಬಿಟ್ಟ ಖರ್ಚು. ಮೇಲಿನ ಪಟ್ಟಿಯಲ್ಲಿ ಮನೆಯವರ ದುಡಿಮೆ ಎಲ್ಲೂ ಇಲ್ಲ, ಆದ್ರೂ ಮೊತ್ತ ಕರೆಕ್ಟಾಗಿ ಕೂಡುತ್ತೆ. ಅವರು 40 ದಿನ ಹೊಲಕ್ಕೆ ಇಳಿದು, ಆಳಿನ ಕೂಲಿ ದಿನಕ್ಕೆ 400 ಇದ್ರೆ, 49,000ದಲ್ಲಿ 16,000 ಅವರ ಕೂಲಿಯೇ. ಇದನ್ನ ಕಾಗದ ನೋಡಿ ಹಿಡಿಯೋಕಾಗಲ್ಲ, ಮನೆಯವರನ್ನೇ ಕೇಳಬೇಕು.