ತಿರುಗುವ ಗೋಳದೊಳಗಿನ ಸಮಕಾಂತಕ್ಷೇತ್ರ

ಟೊಳ್ಳಾದ ಗೋಳವೊಂದರ ಚಿಪ್ಪಿನ ಮೇಲೆ ವಿದ್ಯುದಾವೇಶವನ್ನು ಎಲ್ಲೆಡೆ ಸಮನಾಗಿ ಹರಡಿ, ಗೋಳವನ್ನು ಬುಗುರಿಯಂತೆ ತಿರುಗಿಸಿದರೆ ಏನಾಗುತ್ತದೆ? ತಂತಿಯಿಲ್ಲದಿದ್ದರೂ ಆವೇಶ ಚಲಿಸುತ್ತಿರುವುದರಿಂದ ಅದು ವಿದ್ಯುತ್ ಪ್ರವಾಹವೇ. ಪ್ರವಾಹವಿದ್ದಲ್ಲಿ ಕಾಂತಕ್ಷೇತ್ರವೂ ಇರುತ್ತದೆ. ವಿಶೇಷವೆಂದರೆ, ಗೋಳದ ಒಳಗೆ ಆ ಕ್ಷೇತ್ರದ ಬಲವೂ ದಿಕ್ಕೂ ಎಲ್ಲೆಡೆ ಒಂದೇ.

ಇದಕ್ಕೆ ಕಾರಣ ಆರ್ಕಿಮಿಡೀಸ್ ಕಂಡ ರೇಖಾಗಣಿತದಲ್ಲಿದೆ. ಗೋಳವನ್ನು ಅಕ್ಷಕ್ಕೆ ಅಡ್ಡಲಾಗಿ ಒಂದೇ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿದರೆ, ನಡುವಿನ ಅಗಲವಾದ ಬಿಲ್ಲೆಗೂ ತುದಿಯ ಪುಟ್ಟ ಬಿಲ್ಲೆಗೂ ಸಿಗುವ ಹೊರಮೈ ಒಂದೇ ವಿಸ್ತೀರ್ಣದ್ದು. ಹಾಗಾಗಿ ಪ್ರತಿ ಬಿಲ್ಲೆಯ ಆವೇಶವೂ ಸಮ. ಎಲ್ಲವೂ ಒಂದೇ ವೇಳೆಯಲ್ಲಿ ಒಂದು ಸುತ್ತು ಮುಗಿಸುವುದರಿಂದ ಪ್ರವಾಹವೂ ಸಮ. ಅಂದರೆ ಇದು ಅಕ್ಷದುದ್ದಕ್ಕೂ ಸಮ ಅಂತರದಲ್ಲಿ ಸುತ್ತಿದ ಗೋಳಾಕಾರದ ಸುರುಳಿ. ಅದೇ ಪ್ರವಾಹ ಸಾಂದ್ರತೆಯ ಉದ್ದನೆಯ ನೇರ ಸುರುಳಿಯಲ್ಲಿ ಸಿಗುವ ಕ್ಷೇತ್ರದ ಮೂರರಲ್ಲಿ ಎರಡು ಭಾಗ ಇಲ್ಲಿ ಸಿಗುತ್ತದೆ:

B = (2/3) μ₀σωR

σ ಎಂಬುದು ಒಂದು ಚದರ ಮೀಟರಿನ ಆವೇಶ, ω ತಿರುಗುವ ವೇಗ, R ತ್ರಿಜ್ಯ, μ₀ ನಿಸರ್ಗದ ಒಂದು ಸ್ಥಿರಾಂಕ.

ಪ್ರತಿ ಬಿಲ್ಲೆಯ ಅಂಚೂ ಒಂದೊಂದು ಪ್ರವಾಹದ ಬಳೆ. ಬಳೆಯ ದ್ವಿಧ್ರುವ ಮಹತ್ವವೆಂದರೆ ಅದರ ಪ್ರವಾಹವನ್ನು ಅದು ಸುತ್ತುವರಿದ ವಿಸ್ತೀರ್ಣದಿಂದ ಗುಣಿಸಿದ ಮೊತ್ತ. ಈ ಬಳೆಗಳ ಸರಾಸರಿ ವಿಸ್ತೀರ್ಣ, ನಡುಬಳೆಯ ವಿಸ್ತೀರ್ಣದ ಮೂರರಲ್ಲಿ ಎರಡು ಭಾಗ. ಒಟ್ಟು ಆವೇಶ Q ಆದರೆ, ಎಲ್ಲ ಬಳೆಗಳೂ ಸೇರಿ m = QωR²/3 ಆಗುತ್ತದೆ. ಹೊರಗಿನ ಕ್ಷೇತ್ರವು ಕೇಂದ್ರದಲ್ಲಿ ಇಷ್ಟೇ ಮಹತ್ವದ ಒಂದು ಚಿಕ್ಕ ಆಯಸ್ಕಾಂತವಿಟ್ಟಂತೆಯೇ ಇರುತ್ತದೆ. ದೂರದಲ್ಲಷ್ಟೇ ಅಲ್ಲ, ಚಿಪ್ಪಿನ ಹೊರಮೈಗೆ ತಾಗುವವರೆಗೂ ಇದು ನಿಖರ.

ಚಿಪ್ಪನ್ನು ದಾಟುವಾಗಿನ ಲೆಕ್ಕದಿಂದ ಇದನ್ನು ಪರೀಕ್ಷಿಸಬಹುದು. ಧ್ರುವದಲ್ಲಿ ಪ್ರವಾಹವಿಲ್ಲ, ಹಾಗಾಗಿ ಒಳಗೂ ಹೊರಗೂ ಕ್ಷೇತ್ರ ಒಂದೇ. ನಡುರೇಖೆಯಲ್ಲಿ ಪ್ರವಾಹ ಅತಿ ಹೆಚ್ಚು. ಅಲ್ಲಿ ಹೊರಗಿನ ಕ್ಷೇತ್ರ ಒಳಗಿನದರ ಅರ್ಧವಾಗಿ, ದಿಕ್ಕು ತಿರುಗಿರುತ್ತದೆ. ಆವೇಶವು ಚಿಪ್ಪಿನಲ್ಲಿರದೆ ಗೋಳದ ಒಡಲಿನಲ್ಲೆಲ್ಲ ತುಂಬಿದ್ದರೆ ಮಾತ್ರ ಒಳಗಿನ ಸಮತೆ ಉಳಿಯುವುದಿಲ್ಲ.

ಈಗ 10 ಸೆಂಟಿಮೀಟರ್ ತ್ರಿಜ್ಯದ ಚಿಪ್ಪನ್ನು ತೆಗೆದುಕೊಳ್ಳೋಣ. ಆವೇಶ ಮಿತಿಮೀರಿದರೆ ಸುತ್ತಲಿನ ಗಾಳಿಯಲ್ಲಿ ಕಿಡಿ ಹಾರುತ್ತದೆ. ಆದ್ದರಿಂದ ಅದರ ಮೇಲೆ ಹೆಚ್ಚೆಂದರೆ ಸುಮಾರು 3.3 ಮೈಕ್ರೊಕೂಲಂ ನಿಲ್ಲುತ್ತದೆ. ಸೆಕೆಂಡಿಗೆ 100 ಸುತ್ತು ತಿರುಗಿಸಿದರೂ ಒಳಗೆ ಸಿಗುವುದು ಸುಮಾರು 1.4 ನ್ಯಾನೊಟೆಸ್ಲಾ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು 40,000 ನ್ಯಾನೊಟೆಸ್ಲಾ ಇದೆ.

ಇಷ್ಟು ಕ್ಷೀಣವಾದುದನ್ನು ಗುರುತಿಸುವ ದಾರಿಯನ್ನು ಹೆನ್ರಿ ರೋಲೆಂಡ್ 1876ರಲ್ಲಿ ಬರ್ಲಿನ್ನಿನಲ್ಲಿ, ಹೆಲ್ಮ್‌ಹೋಲ್ಟ್ಸ್ ಅವರ ಪ್ರಯೋಗಾಲಯದಲ್ಲಿ ತೋರಿಸಿದರು. ಅವರು ತಿರುಗಿಸಿದ್ದು ಗೋಳವನ್ನಲ್ಲ, ಆವೇಶ ತುಂಬಿದ ತಟ್ಟೆಯನ್ನು. ಭೂಮಿಯ ಪ್ರಭಾವ ತಾಗದಂತೆ, ವಿರುದ್ಧ ದಿಕ್ಕಿನ ಎರಡು ಕಾಂತಸೂಜಿಗಳ ಜೋಡಿಯನ್ನು ಹತ್ತಿರ ತೂಗುಬಿಟ್ಟರು. ಧನ ಆವೇಶವನ್ನು ಋಣಕ್ಕೆ ಬದಲಿಸಿದಾಗ ಸೂಜಿ ವಾಲುವ ದಿಕ್ಕೂ ಬದಲಾಯಿತು. ಗಾಳಿಯ ಸೆಳೆತವಾಗಲಿ ಯಂತ್ರದ ಅದುರಾಟವಾಗಲಿ ಆವೇಶದ ಚಿಹ್ನೆಯನ್ನು ಅನುಸರಿಸುವುದಿಲ್ಲ. ಕಾಂತಕ್ಷೇತ್ರ ಅನುಸರಿಸುತ್ತದೆ.