‘ಕೊಟ್ರಿ ಬಿಡ್ರಿ’: ಭೂತಕಾಲದ ವ್ಯಂಗ್ಯ

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ಸೀಮೆಯ ಪೆದ್ದಹರಿವಾಣಂನಲ್ಲಿ ಸಾಲಗಾರನೊಬ್ಬ ‘ಉಗಾದಿಗೆ ಕೊಡ್ತೀನಿ’ ಎನ್ನುತ್ತಾನೆ ಎಂದುಕೊಳ್ಳೋಣ. ‘ಉಗಾದಿಗೆ ಕೊಟ್ರಿ ಬಿಡ್ರಿ’ ಎಂದು ಉತ್ತರ ಬಂದರೆ, ಅವನು ಕೊಡುವವನಲ್ಲ ಎಂದೇ ಅರ್ಥ. ಇನ್ನೂ ಬಾರದ ಹಬ್ಬಕ್ಕೆ ಭೂತಕಾಲದ ಕ್ರಿಯಾಪದ ಜೊತೆಯಾಗಿರುವುದೇ ವ್ಯಂಗ್ಯದ ಗುರುತು. ‘ಉಗಾದಿಗೆ’ ಎಂಬುದನ್ನು ತೆಗೆದರೆ ಬರಹದಲ್ಲಿ ಅದು ಸಾಲ ತೀರಿತೆಂಬ ಸರಳ ಒಪ್ಪಿಗೆಯಾಗಿಯೂ ಕಂಡೀತು; ಆಡುಮಾತಿನಲ್ಲಾದರೆ ಧ್ವನಿಯ ಏರಿಳಿತ ಕಾಯುತ್ತದೆ.

ತೆಲುಗಿನಲ್ಲಿ ‘ಇಚ್ಚಾರು ಲೆಂಡಿ’ ಎಂದರೆ ಸಾಕು, ಎಲ್ಲವೂ ಉಳಿಯುತ್ತದೆ. ತೊಡಕು ಹಿಂದಿಯಲ್ಲಿದೆ. ಪದಶಃ ‘ದೇ ದಿಯಾ, ಛೋಡಿಯೇ’ ಎಂದರೆ ಸಾಲವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ‘ಉಗಾದಿ ತಕ್ ದೇ ಚುಕೇ ಆಪ್’ ಎನ್ನುವುದು ಸರಿಯಾದ ದಾರಿ: ‘ಚುಕ್ನಾ’ ಮುಗಿದದ್ದನ್ನು ಹೇಳುತ್ತಲೇ ಆಗದ್ದನ್ನು ಸೂಚಿಸಬಲ್ಲದು, ‘ಆಪ್’ ನಮ್ಮ ‘ರಿ’ಯ ಮರ್ಯಾದೆಯನ್ನು ಉಳಿಸುತ್ತದೆ. ಆದರೆ ‘ಬಿಡ್ರಿ’ಯಲ್ಲಿ ಮಾತನ್ನು ತಳ್ಳಿಹಾಕುವ ಬೇಸರವಿದೆಯಲ್ಲ, ಅದು ಸೋರಿಹೋಗುತ್ತದೆ.

ಇಂಗ್ಲಿಷಿನ ಭೂತಕಾಲಕ್ಕೆ ಈ ಶಕ್ತಿಯಿಲ್ಲ. ‘ಐಯಾಮ್ ಶೂರ್ ಯು ವಿಲ್’ ಎಂದರೆ ವ್ಯಂಗ್ಯ ಕಾಲದಿಂದ ಸರಿದು ಹೇಳುವವನ ನಂಬಿಕೆಯ ಮೇಲೆ ಕೂರುತ್ತದೆ. ಅಚ್ಚಿನಲ್ಲಿ ಓದುಗನು ಅದನ್ನು ನಿಜವಾದ ಭರವಸೆಯೆಂದೇ ಓದಬಹುದು. ‘ಆ್ಯಸ್ ಇಫ್ ಯು ವುಡ್’ ಎಂದರೆ ಅನುಮಾನಕ್ಕೆ ಎಡೆಯಿಲ್ಲ, ಆದರೆ ‘ರಿ’ ಹೋಗಿ ಬರೀ ಒರಟುತನ ಉಳಿಯುತ್ತದೆ. ಕನ್ನಡದ ಉತ್ತರ ಚುಚ್ಚುವುದು ಆ ಮರ್ಯಾದೆಯಿಂದಲೇ.