ಓಟವೂ ಭಾರವೂ: ಹದಿನಾರು ವಾರಗಳ ಲೆಕ್ಕ

ಬೆಳಗಿನ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತರೆ ಓಡುವವರನ್ನು ಕಾಣುತ್ತೀರಿ. ಸಂಜೆ ಊರಿನ ಯಾವುದಾದರೊಂದು ವ್ಯಾಯಾಮಶಾಲೆಗೆ ಹೋದರೆ ಭಾರ ಎತ್ತುವವರು ಸಿಗುತ್ತಾರೆ. ಈ ಎರಡು ಗುಂಪುಗಳು ಒಂದನ್ನೊಂದು ಸ್ವಲ್ಪ ಅನುಮಾನದಿಂದಲೇ ನೋಡುತ್ತವೆ. ಓಡಿದರೆ ಬಲ ಕರಗುತ್ತದೆ ಎಂದು ಒಬ್ಬರು, ಭಾರ ಎತ್ತಿದರೆ ಕಾಲು ಜಡವಾಗುತ್ತದೆ ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. 21.1 ಕಿಲೋಮೀಟರ್‌ಗಳ ಅರ್ಧ ಮ್ಯಾರಥಾನಿಗೆ ಸಿದ್ಧವಾಗುತ್ತಲೇ ವಾರಕ್ಕೆ ಎರಡು ದಿನ ಭಾರ ಎತ್ತಬೇಕೆಂದರೆ, ಆ ಎರಡು ದಿನಗಳನ್ನು ವಾರದಲ್ಲಿ ಎಲ್ಲಿ ಇಡಬೇಕು, ಯಾವ ವಾರದಿಂದ ಅವನ್ನು ಕಡಿಮೆ ಮಾಡಬೇಕು ಎಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ಪ್ರಯೋಗದ ಮೂಲಕ ಮೊದಲು ಸ್ಪಷ್ಟವಾಗಿ ಎತ್ತಿದವರು ಅಮೆರಿಕದ ರಾಬರ್ಟ್ ಹಿಕ್ಸನ್. 1980ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಗುಂಪು ಹತ್ತು ವಾರ ಭಾರ ಮಾತ್ರ ಎತ್ತಿತು, ಇನ್ನೊಂದು ಸಹನಶಕ್ತಿಯ ವ್ಯಾಯಾಮ ಮಾತ್ರ ಮಾಡಿತು, ಮೂರನೆಯದು ಎರಡನ್ನೂ ಮಾಡಿತು. ಮೂರನೆಯ ಗುಂಪಿನ ಬಲ ಸುಮಾರು ಏಳನೆಯ ವಾರದವರೆಗೆ ಏರಿ, ನಿಂತು, ಕೊನೆಯ ವಾರಗಳಲ್ಲಿ ಇಳಿಯಿತು. ಆದರೆ ಅವರ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ ಇತರ ಓಟಗಾರರಂತೆಯೇ ಏರಿತು. ಅಂದರೆ ಪೆಟ್ಟು ಬಿದ್ದದ್ದು ಬಲಕ್ಕೆ, ಓಟಕ್ಕಲ್ಲ. ಇಲ್ಲಿ ಪ್ರಮಾಣವನ್ನು ಮರೆಯಬಾರದು. ಆ ಗುಂಪು ವಾರಕ್ಕೆ ಐದು ದಿನ ಭಾರವನ್ನೂ ಆರು ದಿನ ಕಠಿಣ ಸಹನಶಕ್ತಿಯ ವ್ಯಾಯಾಮವನ್ನೂ ಮಾಡುತ್ತಿತ್ತು. ವಾರಕ್ಕೆ ಎರಡೇ ದಿನ ಎತ್ತುವವರಿಗೆ ಈ ಅಡ್ಡಿ ಅಷ್ಟು ದೊಡ್ಡದಲ್ಲ. ಆದರೂ ಆ ರೇಖೆಯ ಆಕಾರವನ್ನು ನೆನಪಿಡಿ.

ಹಾಗಾದರೆ ಓಟಗಾರ ಭಾರವನ್ನು ಏಕೆ ಎತ್ತಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಓಡುವಾಗ ಹೆಜ್ಜೆಯ ಉದ್ದ ಸುಮಾರು ಒಂದು ಮೀಟರ್. ಹಾಗಾಗಿ ಓಟ ಮುಗಿಯುವಷ್ಟರಲ್ಲಿ ಸುಮಾರು 21,000 ಹೆಜ್ಜೆಗಳು, ಒಂದೊಂದು ಕಾಲಿಗೆ ಹತ್ತು ಸಾವಿರಕ್ಕೂ ಹೆಚ್ಚು. ಪ್ರತಿ ಹೆಜ್ಜೆಯಲ್ಲೂ ನೆಲದ ಪ್ರತಿಕ್ರಿಯೆ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಮುಟ್ಟುತ್ತದೆ. 62 ಕಿ.ಗ್ರಾಂ. ರಾಶಿಯವರಿಗೆ ಇದು 1,500 ನ್ಯೂಟನ್ ಆಯಿತು, ಅದೂ ಒಂದೇ ಕಾಲಿನ ಮೇಲೆ. ಈ ಬಲ ಬೀಳುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಸ್ಪ್ರಿಂಗಿನಂತೆ ಹಿಗ್ಗಿ ಶಕ್ತಿಯನ್ನು ಕೂಡಿಟ್ಟು, ಹೆಜ್ಜೆ ಎತ್ತುವಾಗ ಹಿಂತಿರುಗಿಸುತ್ತದೆ. ಆದರೆ ಸ್ಪ್ರಿಂಗ್ ಹಿಗ್ಗಬೇಕಾದರೆ ಅದರ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದಿರಬೇಕಲ್ಲವೆ? ಹಿಡಿಯುವುದು ಮೀನಖಂಡದ ಸ್ನಾಯು. ಸ್ನಾಯು ಬಲವಾದಷ್ಟೂ ಅದೇ 1,500 ನ್ಯೂಟನ್ ಅದರ ಗರಿಷ್ಠ ಸಾಮರ್ಥ್ಯದ ಚಿಕ್ಕ ಭಾಗವಾಗುತ್ತದೆ, ಹಿಡಿಯುವ ಖರ್ಚೂ ತಗ್ಗುತ್ತದೆ. 1999ರಲ್ಲಿ ಫಿನ್ಲೆಂಡಿನ ಲೀನಾ ಪಾವೊಲೈನೆನ್ ಮತ್ತು ಸಂಗಡಿಗರು ಒಂಬತ್ತು ವಾರಗಳ ಸ್ಫೋಟಕ ಬಲದ ತರಬೇತಿಯಿಂದ ಓಟಗಾರರ 5 ಕಿ.ಮೀ. ಸಮಯ ಸುಧಾರಿಸಿದ್ದನ್ನು ತೋರಿಸಿದರು. ಅವರ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟ ಮಾತ್ರ ಬದಲಾಗಿರಲಿಲ್ಲ. ಸುಧಾರಿಸಿದ್ದು ಇಂಧನದ ಮಿತವ್ಯಯ.

ಇನ್ನು ವಾರದ ಏರ್ಪಾಟು. ಉದಾಹರಣೆಗೆ ನನ್ನ ಪರಿಚಯದ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರನ್ನು ತೆಗೆದುಕೊಳ್ಳಿ. ವಯಸ್ಸು 41, ರಾಶಿ 62 ಕಿ.ಗ್ರಾಂ. ಅವರ ಹದಿನಾರು ವಾರಗಳು 2025ರ ಆಗಸ್ಟ್ 4ರ ಸೋಮವಾರ ಆರಂಭವಾಗಿ ನವೆಂಬರ್ 23ರ ಭಾನುವಾರದ ಓಟದೊಂದಿಗೆ ಮುಗಿಯಬೇಕಿತ್ತು. ವಾರಕ್ಕೆ ನಾಲ್ಕು ಓಟ: ಮಂಗಳವಾರ ವೇಗದ ಓಟ, ಬುಧವಾರ ಮತ್ತು ಗುರುವಾರ ಮಾತನಾಡುತ್ತಾ ಓಡಬಹುದಾದ ನಿಧಾನದ ಓಟ, ಭಾನುವಾರ ದೀರ್ಘ ಓಟ. ಭಾರದ ಸರದಿ ಮಂಗಳವಾರ ಮತ್ತು ಗುರುವಾರದ ಸಂಜೆ.

ವೇಗದ ಓಟದ ದಿನವೇ ಭಾರವೆ ಎಂದು ನೀವು ಹುಬ್ಬೇರಿಸಬಹುದು. ಕಾರಣ ಸರಳ. ಕಠಿಣ ಕೆಲಸಗಳೆರಡನ್ನೂ ಒಂದೇ ದಿನಕ್ಕೆ ತಂದರೆ ಉಳಿದ ದಿನಗಳು ನಿಜವಾಗಿ ಹಗುರವಾಗುತ್ತವೆ. ನಡುವೆ ಆರು ಗಂಟೆಯಾದರೂ ಬಿಡುವಿರಬೇಕು. ಗುರಿ ಓಟವಾದ್ದರಿಂದ ಮೊದಲು ಓಟ, ಆಮೇಲೆ ಭಾರ. ಗುರುವಾರ ಸಂಜೆಯಿಂದ ಭಾನುವಾರ ಬೆಳಗಿನವರೆಗೆ ಸುಮಾರು ಅರವತ್ತು ಗಂಟೆ ಸಿಗುತ್ತದೆ. ಭಾರ ಎತ್ತಿದ ಮೇಲಿನ ಸ್ನಾಯುನೋವು ಒಂದರಿಂದ ಮೂರು ದಿನಗಳೊಳಗೆ ತುತ್ತತುದಿಗೇರುವುದರಿಂದ, ಗುರುವಾರ ಕಾಲಿನ ಕೆಲಸವನ್ನು ಮಂಗಳವಾರದ ಅರ್ಧದಷ್ಟಕ್ಕೆ ಇಳಿಸಿ ತೋಳು, ಬೆನ್ನಿಗೆ ಹೆಚ್ಚು ಕೊಡುವುದು ಒಳ್ಳೆಯದು.

ಎತ್ತುವುದೇನು? ಗರಡಿಗಳ ಊರಿನಲ್ಲಿ ಬಸ್ಕಿಯ ಪರಿಚಯ ಮಾಡಿಕೊಡಬೇಕಿಲ್ಲ. ಹೆಗಲ ಮೇಲೆ ಸರಳು ಹೊತ್ತ ಬಸ್ಕಿ, ಡೆಡ್‌ಲಿಫ್ಟ್, ಮೀನಖಂಡಕ್ಕಾಗಿ ತುದಿಗಾಲ ಮೇಲೆ ಏಳುವುದು, ಇಷ್ಟು ಸಾಕು. ಮೊದಲ ನಾಲ್ಕು ವಾರ ಶಿಕ್ಷಕರು 40 ಕಿ.ಗ್ರಾಂ.ನೊಂದಿಗೆ ಎಂಟೆಂಟು ಬಸ್ಕಿಯ ಮೂರು ಸುತ್ತು ಮಾಡಿ ಕ್ರಮ ಕಲಿತರು. ಐದರಿಂದ ಹತ್ತನೆಯ ವಾರದವರೆಗೆ ಭಾರ ಏರಿಸಿ ಸಂಖ್ಯೆಯನ್ನು ಐದಕ್ಕೆ ಇಳಿಸಿದರು. ಪ್ರತಿ ಸುತ್ತನ್ನೂ ಇನ್ನೆರಡು ಬಸ್ಕಿ ಸಾಧ್ಯವಿದೆ ಎನಿಸುವಾಗಲೇ ನಿಲ್ಲಿಸುವುದು ನಿಯಮ. ಹನ್ನೊಂದನೆಯ ವಾರದಿಂದ ಭಾರ ಹಾಗೇ ಉಳಿದು ಸುತ್ತುಗಳು ಮಾತ್ರ ಎರಡಕ್ಕಿಳಿಯುತ್ತವೆ. ಗಳಿಸಿದ ಬಲವನ್ನು ಉಳಿಸಿಕೊಳ್ಳಲು ಭಾರ ಮುಖ್ಯ, ಪ್ರಮಾಣವಲ್ಲ. ಹಿಕ್ಸನ್ನರ ರೇಖೆ ಬಾಗುವ ಕಡೆಯಲ್ಲಿ ನಾವೇ ಮೊದಲು ಇಳಿಯುತ್ತಿದ್ದೇವೆ ಎನ್ನಿ.

ಇದೇ ಅವಧಿಯಲ್ಲಿ ಓಟ ಏರುತ್ತದೆ. ವಾರದ ಒಟ್ಟು 20 ಕಿ.ಮೀ.ನಿಂದ ಹದಿನಾಲ್ಕನೆಯ ವಾರದಲ್ಲಿ 40ಕ್ಕೆ, ಭಾನುವಾರದ ಓಟ 7ರಿಂದ 18ಕ್ಕೆ. ನಾಲ್ಕು, ಎಂಟು, ಹನ್ನೆರಡನೆಯ ವಾರಗಳಲ್ಲಿ ಎಲ್ಲವನ್ನೂ ಕಾಲು ಭಾಗ ತಗ್ಗಿಸುವುದು.

ಒಂಬತ್ತನೆಯ ವಾರದಲ್ಲಿ ಎಡವಟ್ಟಾಯಿತು. ಅಕ್ಟೋಬರ್ 2ರ ಗುರುವಾರ ವಿಜಯದಶಮಿ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ವ್ಯಾಯಾಮಶಾಲೆಗೆ ಹೋಗುವವರು ಯಾರು! ಶಿಕ್ಷಕರು ಆ ಸರದಿಯನ್ನು ಶನಿವಾರ ಸಂಜೆಗೆ ತಳ್ಳಿದರು. ಸಾಲದೆಂಬಂತೆ ಆ ಬೆಳಿಗ್ಗೆ ಮನೆಯವರೊಂದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿದೂ ಬಂದರು. ಹತ್ತುವುದು ಉಸಿರಿಗೆ ಕಷ್ಟ, ತೊಡೆಗೆ ಕಷ್ಟ ಇಳಿಯುವುದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕು, ನಾರುಗಳು ಸೂಕ್ಷ್ಮವಾಗಿ ಹರಿಯುವುದು ಹೀಗೆಯೇ. ಮರುದಿನ 13 ಕಿ.ಮೀ. ಓಟದ ಒಂಬತ್ತನೆಯ ಕಿಲೋಮೀಟರಿಗೆ ತೊಡೆಗಳು ಕೈಕೊಟ್ಟವು. ಅವರು ಹಟದಿಂದ ಓಟ ಮುಗಿಸಿದರು. ಭಾರ ಹೊರಲು ತೊಡೆ ನಿರಾಕರಿಸಿದಾಗ ಅದು ಮೀನಖಂಡಕ್ಕೂ ಹಿಮ್ಮಡಿಗೂ ಹೋಗುತ್ತದೆ.

ಸೂಚನೆಗಳು ಅವರ ಟಿಪ್ಪಣಿ ಪುಸ್ತಕದಲ್ಲೇ ಇದ್ದವು. ಬುಧವಾರದ ನಿಧಾನ ಓಟದಲ್ಲಿ, ಅದೇ ವೇಗಕ್ಕೆ, ಹೃದಯ ಬಡಿತ ನಿಮಿಷಕ್ಕೆ 138ರಿಂದ 147ಕ್ಕೆ ಏರಿತ್ತು. ಐದು ಬಸ್ಕಿ ಮಾಡುತ್ತಿದ್ದ ಭಾರಕ್ಕೆ ಮೂರೇ ಆಗುತ್ತಿದ್ದವು. ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲೆ ಬಿಗಿತ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣವಿರಬಹುದು. ಬಿಸಿಲೋ ನಿದ್ದೆಗೇಡೋ ಸಾಕು ಬಡಿತ ಏರಲು. ಎರಡು ಸೂಚನೆಗಳು ಒಟ್ಟಿಗೆ ಒಂದು ವಾರ ಉಳಿದರೆ ಮಾತ್ರ ಯೋಜನೆಯನ್ನು ಮುಟ್ಟಬೇಕು. ಹಿಮ್ಮಡಿಯ ಬಿಗಿತ ದಿನೇ ದಿನೇ ಹೆಚ್ಚಿದರೆ ವೈದ್ಯರನ್ನು ಕಾಣಬೇಕು.

ಅವರು ಹತ್ತನೆಯ ವಾರದಲ್ಲಿ ವೇಗದ ಓಟವನ್ನು ಬಿಟ್ಟರು, ಭಾನುವಾರದ ಓಟವನ್ನು 10 ಕಿ.ಮೀ.ಗೆ ತಗ್ಗಿಸಿದರು. ಭಾರವನ್ನು ಪೂರ್ತಿ ಬಿಡದೆ ಒಂದೇ ಸುತ್ತಿಗೆ ಇಳಿಸಿದರು. ತಪ್ಪಿದ ಸರದಿಯನ್ನು ಶನಿವಾರಕ್ಕೆ ತಳ್ಳುವ ಬದಲು ಕೈಬಿಡಬೇಕು ಎಂಬುದು ಅವರ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ಒಂದೇ ಸಾಲು. ಹನ್ನೊಂದನೆಯ ವಾರದ ಕೊನೆಗೆ ಬಡಿತ 139ಕ್ಕೆ ಮರಳಿತು.

ನವೆಂಬರ್ 13ರ ಗುರುವಾರ, ಓಟಕ್ಕೆ ಹತ್ತು ದಿನ ಮೊದಲು, ಕೊನೆಯ ಬಾರಿ ಪೂರ್ಣ ಭಾರ ಎತ್ತಿದರು. 18ರ ಮಂಗಳವಾರ ಅರ್ಧ ಭಾರದಲ್ಲಿ ಎರಡು ಸುತ್ತು, ಅಷ್ಟೇ. 23ರಂದು ಅವರು ತೆಗೆದುಕೊಂಡದ್ದು 2 ಗಂಟೆ 6 ನಿಮಿಷ. ಕೊನೆಯ 5 ಕಿ.ಮೀ.ನಲ್ಲಿ ವೇಗ ಇಳಿಯಲಿಲ್ಲ. ಅದಕ್ಕೆ ಭಾರವೇ ಕಾರಣವೆಂದು ಅವರ ವಾದ. ಭಾರ ಎತ್ತದ ಇನ್ನೊಬ್ಬ ನೀವು ಪಕ್ಕದಲ್ಲಿ ಓಡಿದ್ದರೆ ಹೇಳಬಹುದಿತ್ತು ಎಂದು ನಾನು ಹೇಳಿದೆ. ಈ ವರ್ಷ ಅವರು ಮಂಗಳವಾರದ ಸರದಿಯನ್ನು ಮಾತ್ರ ಉಳಿಸಿಕೊಂಡು, ಅದೇ ಹದಿನಾರು ವಾರಗಳನ್ನು ಮತ್ತೊಮ್ಮೆ ಬರೆದಿಡಲು ಒಪ್ಪಿದ್ದಾರೆ.